ಪ್ಲಾಸ್ಟರ್ ಬಿರುಕೋ, ಬೀಮ್ ಬಿರುಕೋ? ಐದು ವರ್ಷದೊಳಗೆ ಬಿಲ್ಡರ್‌ಗೆ ಬರೆಯಬೇಕಾದ ಪತ್ರ

ಹೊಸ ಅಪಾರ್ಟ್‌ಮೆಂಟ್‌ನಲ್ಲಿ ಬಿರುಕು ಬಿಟ್ಟಿದೆ ಅನ್ನುವ ಸುದ್ದಿ ಬಂದಾಗಲೆಲ್ಲ ಅದರ ಜೊತೆ ಎರಡು ಹೇಳಿಕೆಗಳೂ ಬರುತ್ತವೆ. ನಿವಾಸಿಗಳು "ಕಟ್ಟಡವೇ ದುರ್ಬಲವಾಗಿದೆ" ಅನ್ನುತ್ತಾರೆ. ಬಿಲ್ಡರ್ "ಇದು ಬರೀ ಪ್ಲಾಸ್ಟರ್ ಬಿರುಕು, ಎಲ್ಲ ಕಡೆ ಇರುತ್ತೆ. ಅದೂ ಅಲ್ಲದೆ ನಮ್ಮ ಒಂದು ವರ್ಷದ ಜವಾಬ್ದಾರಿ ಮುಗಿದಿದೆ" ಅನ್ನುತ್ತಾರೆ. ಓದುವವರಿಗೆ ಗೊಂದಲ. ಕಾನೂನು ಐದು ವರ್ಷ ಅನ್ನುತ್ತದೆ, ಕರಾರಿನಲ್ಲಿ ಒಂದು ವರ್ಷ ಅಂತಿದೆ. ಯಾವುದು ನಡೆಯುತ್ತದೆ? ಬಿರುಕು ಪ್ಲಾಸ್ಟರ್‌ನದೋ ಕಾಂಕ್ರೀಟ್‌ನದೋ ಅಂತ ತೀರ್ಮಾನ ಮಾಡುವವರು ಯಾರು? ಅಲ್ಲಿಯವರೆಗೆ ಮನೆಯವರು ಏನು ಮಾಡಬೇಕು?

ಇಂಥ ಜಗಳಗಳಲ್ಲಿ ಎಲ್ಲದಕ್ಕಿಂತ ಮೊದಲು ಬೇಕಾಗುವುದು ಬಿಲ್ಡರ್‌ಗೆ ಬರೆದ ಪತ್ರ. ಅದು ಯಾವತ್ತು ತಲುಪಿತು, ಅದರಲ್ಲಿ ಏನು ಬರೆದಿತ್ತು ಅನ್ನುವುದರ ಮೇಲೆ ಮುಂದಿನದೆಲ್ಲ ನಿಂತಿರುತ್ತದೆ.

ಐದು ವರ್ಷ ಅಂದರೆ ಎಲ್ಲಿಂದ ಎಲ್ಲಿಗೆ?

2016ರ ರಿಯಲ್ ಎಸ್ಟೇಟ್ ಕಾಯ್ದೆಯನ್ನು ನಾವು ರೇರಾ ಅಂತ ಕರೆಯುತ್ತೇವೆ. ಅದರ 14ನೇ ಸೆಕ್ಷನ್‌ನ 3ನೇ ಉಪವಿಭಾಗ ಹೇಳುವುದು ಇಷ್ಟು. ಮನೆಯ ಸ್ವಾಧೀನ ಕೊಟ್ಟ ದಿನದಿಂದ ಐದು ವರ್ಷದೊಳಗೆ ರಚನೆಯ ದೋಷವನ್ನಾಗಲಿ, ಕೆಲಸ ಅಥವಾ ಗುಣಮಟ್ಟದ ದೋಷವನ್ನಾಗಲಿ ಬಿಲ್ಡರ್ ಗಮನಕ್ಕೆ ತಂದರೆ, ಅವರು ಹೆಚ್ಚಿನ ಹಣ ಕೇಳದೆ 30 ದಿನದೊಳಗೆ ಸರಿ ಮಾಡಬೇಕು. ಮಾಡದಿದ್ದರೆ ಮನೆಯವರಿಗೆ ಪರಿಹಾರ ಕೇಳುವ ಹಕ್ಕಿದೆ.

ಇಲ್ಲಿ ಲೆಕ್ಕ ಹಿಡಿಯುವುದು "ಗಮನಕ್ಕೆ ತಂದ" ದಿನವನ್ನು. ಬಿರುಕು ನಾಲ್ಕನೇ ವರ್ಷದಲ್ಲೇ ಕಂಡಿರಬಹುದು. ಆದರೆ ಬಿಲ್ಡರ್‌ಗೆ ಬರಹದಲ್ಲಿ ತಿಳಿಸಿದ್ದು ಐದು ವರ್ಷ ದಾಟಿದ ಮೇಲಾದರೆ ಈ ಸೆಕ್ಷನ್ ಹಿಡಿದು ಕೇಳುವುದು ತುಂಬ ಕಷ್ಟವಾಗುತ್ತದೆ. ಹಾಗೆಯೇ ಲೆಕ್ಕ ಶುರುವಾಗುವುದು ಸ್ವಾಧೀನ ಕೊಟ್ಟ ದಿನದಿಂದ, ನೋಂದಣಿ ದಿನದಿಂದ ಅಲ್ಲ. ಎರಡರ ನಡುವೆ ಕೆಲವೊಮ್ಮೆ ತಿಂಗಳುಗಟ್ಟಲೆ ಅಂತರ ಇರುತ್ತದೆ. ಮನೆ ಕೈ ಬದಲಾಗಿದ್ದರೂ ಗಾಬರಿ ಬೇಡ, ಮರುಮಾರಾಟದಲ್ಲಿ ಕೊಂಡವರನ್ನೂ ಕಾಯ್ದೆ ಹಕ್ಕುದಾರರು ಅಂತಲೇ ನೋಡುತ್ತದೆ. ಆದರೆ ಹೊಸಬರು ಕೊಂಡ ದಿನದಿಂದ ಐದು ವರ್ಷ ಹೊಸದಾಗಿ ಶುರುವಾಗುತ್ತದೆ ಅಂತ ನಂಬಿ ಕೂರುವುದು ಬೇಡ. ಮೊದಲ ಸ್ವಾಧೀನದ ದಿನದಿಂದಲೇ ಎಣಿಸಿಕೊಳ್ಳುವುದು ಕ್ಷೇಮ.

ಇನ್ನು ಕರಾರಿನ ಒಂದು ವರ್ಷದ ವಿಷಯ. ಬೇರೆ ಕಾನೂನುಗಳು ತನಗೆ ವಿರುದ್ಧವಾಗಿದ್ದರೆ ತನ್ನ ಮಾತೇ ಮೇಲು ಅಂತ ರೇರಾ 89ನೇ ಸೆಕ್ಷನ್‌ನಲ್ಲಿ ಹೇಳಿಕೊಂಡಿದೆ. ಕಾನೂನಿಗೇ ಹಾಗಿರುವಾಗ, ಅದು ಕೊಟ್ಟ ಐದು ವರ್ಷವನ್ನು ಖಾಸಗಿ ಕರಾರಿನ ಒಂದು ಸಾಲು ಒಂದು ವರ್ಷಕ್ಕೆ ಇಳಿಸುತ್ತದೆ ಅನ್ನುವ ವಾದ ನಿಲ್ಲುವುದು ಕಷ್ಟ. "ಸೇಲ್ ಡೀಡ್ ಆಯಿತು, ಇನ್ನು ನಮಗೆ ಸಂಬಂಧ ಇಲ್ಲ" ಅನ್ನುವುದಕ್ಕೂ ಉತ್ತರ ಕಾಯ್ದೆಯಲ್ಲೇ ಇದೆ. ಡೀಡ್ ಆದ ಮೇಲೂ ದೋಷದ ಜವಾಬ್ದಾರಿ ಮುಂದುವರಿಯುತ್ತದೆ ಅಂತ 11ನೇ ಸೆಕ್ಷನ್ ಬಿಡಿಸಿ ಹೇಳಿದೆ. ಕೀ ಕೊಡುವಾಗ "ಎಲ್ಲ ಸರಿಯಾಗಿದೆ" ಅನ್ನುವ ಕಾಗದಕ್ಕೆ ಬಹುತೇಕ ಎಲ್ಲರೂ ಸಹಿ ಹಾಕಿರುತ್ತಾರೆ. ಆ ಸಹಿ ಅವತ್ತು ಕಣ್ಣಿಗೆ ಕಂಡದ್ದಕ್ಕೆ ಮಾತ್ರ. ಬೀಮ್ ಒಳಗಿನ ಕಂಬಿಯನ್ನು ಅವತ್ತು ಯಾರೂ ನೋಡಿರುವುದಿಲ್ಲ ಅಲ್ವಾ?

"ಇದು ರಚನೆಯ ದೋಷ ಅಲ್ಲ" ಅಂದರೆ ಬಿಲ್ಡರ್ ಪಾರಾ?

ಅಲ್ಲ. ಸುದ್ದಿಗಳಲ್ಲಿ ಜಾಸ್ತಿ ತಪ್ಪಿಹೋಗುವ ಅಂಶ ಇದೇ. 14ನೇ ಸೆಕ್ಷನ್‌ನಲ್ಲಿ ರಚನೆಯ ದೋಷದ ಜೊತೆಗೆ ಕೆಲಸದ ದೋಷ, ಗುಣಮಟ್ಟದ ದೋಷ ಎರಡೂ ಇವೆ, ಎಲ್ಲಕ್ಕೂ ಅದೇ ಐದು ವರ್ಷ. ಬಿರುಕು ಪ್ಲಾಸ್ಟರ್‌ನದೇ ಆಗಿದ್ದು ಅದಕ್ಕೆ ಕೆಟ್ಟ ಕೆಲಸ ಕಾರಣವಾಗಿದ್ದರೂ ಸರಿ ಮಾಡುವುದು ಬಿಲ್ಡರ್ ಕೆಲಸವೇ. ಹಾಗಾದರೆ ರಚನೆಯದೋ ಅಲ್ಲವೋ ಅನ್ನುವ ಪ್ರಶ್ನೆ ಯಾಕೆ ಮುಖ್ಯ? ಅಪಾಯ ಎಷ್ಟಿದೆ, ಎಷ್ಟು ಬೇಗ ಕೆಲಸ ಆಗಬೇಕು, ದುರಸ್ತಿ ಹೇಗೆ ಮಾಡಬೇಕು ಅಂತ ತಿಳಿಯಲು.

ಹಾಗಾಗಿ ಪತ್ರ ಬರೆಯುವವರು "ಇದು ರಚನೆಯ ದೋಷವೇ" ಅಂತ ಸಾಬೀತು ಮಾಡುವ ಭಾರ ಹೊರಬೇಕಿಲ್ಲ. ಕಂಡದ್ದನ್ನು ನಿಖರವಾಗಿ ಹೇಳಿದರೆ ಸಾಕು. ಕಾರಣ ಹುಡುಕಿ ಬರಹದಲ್ಲಿ ಕೊಡಿ ಅಂತ ಬಿಲ್ಡರ್‌ನ್ನೇ ಕೇಳಬೇಕು. ಅವರ ಹತ್ತಿರ ಸ್ಟ್ರಕ್ಚರಲ್ ಡ್ರಾಯಿಂಗ್ ಇದೆ, ಕಾಂಕ್ರೀಟ್‌ನ ಬಲ ನೋಡುವ ಕ್ಯೂಬ್ ಪರೀಕ್ಷೆಯ ದಾಖಲೆ ಇರಬೇಕು, ವಿನ್ಯಾಸ ಮಾಡಿದ ಎಂಜಿನಿಯರ್ ಇದ್ದಾರೆ. ಮನೆಯವರ ಹತ್ತಿರ ಇವು ಯಾವುದೂ ಇರುವುದಿಲ್ಲ.

ಬಿರುಕನ್ನು ಓದುವುದು

ಈಗಿನ ಅಪಾರ್ಟ್‌ಮೆಂಟ್‌ಗಳಲ್ಲಿ ಸಾಮಾನ್ಯವಾಗಿ ಭಾರ ಹೊರುವುದು ಕಾಲಂ, ಬೀಮ್ ಮತ್ತು ಸ್ಲ್ಯಾಬ್. ನಡುವಿನ ಬ್ಲಾಕ್ ಗೋಡೆಗಳು ಜಾಗ ತುಂಬುತ್ತವೆ ಅಷ್ಟೇ. ಆದ್ದರಿಂದ ಮೊದಲು ನೋಡಬೇಕಾದ್ದು ಬಿರುಕು ಯಾವುದರ ಮೇಲಿದೆ ಅಂತ. ಗೋಡೆಯ ಪ್ಲಾಸ್ಟರ್ ಮೇಲೆ ಜೇಡರ ಬಲೆಯ ಹಾಗೆ ದಿಕ್ಕಿಲ್ಲದೆ ಹರಡಿದ ಕೂದಲೆಳೆ ಗೀರುಗಳು ಬಹುತೇಕ ಪ್ಲಾಸ್ಟರ್ ಒಣಗಿ ಕುಗ್ಗಿದ್ದರಿಂದ ಬಂದವು. ಗೋಡೆ ಮತ್ತು ಕಾಲಂ ಸೇರುವ ಕಡೆ ನೇರ ಲಂಬ ಗೆರೆ, ಬೀಮ್‌ನ ಅಡಿಯಲ್ಲಿ ಗೋಡೆಯ ತುದಿಗೆ ಅಡ್ಡ ಗೆರೆ ಬಂದರೆ ಅದು ಎರಡು ಬೇರೆ ಬೇರೆ ಸಾಮಗ್ರಿಗಳು ಬೇರೆ ಬೇರೆ ಪ್ರಮಾಣದಲ್ಲಿ ಕುಗ್ಗಿ ಹಿಗ್ಗುವುದರಿಂದ ಇರಬಹುದು. ಆ ಸೇರುವೆಯಲ್ಲಿ ಪ್ಲಾಸ್ಟರ್ ಒಳಗೆ ಜಾಲರಿಯಂಥ ಮೆಶ್ ಹಾಕದೇ ಇದ್ದರೆ ಹೀಗಾಗುತ್ತದೆ. ಇದು ಕೆಲಸದ ದೋಷ. ಕಟ್ಟಡ ಬೀಳುವ ಲಕ್ಷಣ ಅಲ್ಲ.

ಗೋಡೆಯಲ್ಲಿ ಮೆಟ್ಟಿಲಿನಂತೆ ಬ್ಲಾಕ್‌ಗಳ ಸಂದಿ ಹಿಡಿದು ಓರೆಯಾಗಿ ಏರುವ ಬಿರುಕು ಬಂದರೆ ಎಚ್ಚರ ಜಾಸ್ತಿ ಬೇಕು. ಕೆಳಗಿನ ಬೀಮ್ ಅಥವಾ ಸ್ಲ್ಯಾಬ್ ಬಾಗುತ್ತಿರಬಹುದು, ಅಡಿಪಾಯ ಒಂದು ಕಡೆ ಕುಸಿಯುತ್ತಿರಬಹುದು. ಅದೇ ಸಾಲಿನಲ್ಲಿ ಮೇಲಿನ, ಕೆಳಗಿನ ಮನೆಗಳಲ್ಲೂ ಅಂಥದೇ ಬಿರುಕು ಇದೆಯಾ ಅಂತ ಕೇಳಿ ನೋಡಿದರೆ ಅನುಮಾನಕ್ಕೆ ಆಧಾರ ಸಿಗುತ್ತದೆ.

ಬೀಮ್‌ನಲ್ಲೇ ಬಿರುಕು ಇದ್ದರೆ ದಿಕ್ಕು ತುಂಬ ಹೇಳುತ್ತದೆ. ಭಾರ ಬಿದ್ದಾಗ ಬೀಮ್ ಸ್ವಲ್ಪ ಬಾಗುತ್ತದೆ, ಅದರ ಅಡಿಭಾಗ ಎಳೆತಕ್ಕೆ ಸಿಗುತ್ತದೆ. ಕಾಂಕ್ರೀಟ್ ಎಳೆತ ತಡೆಯುವುದಿಲ್ಲ, ಅದಕ್ಕೇ ಕಂಬಿ ಹಾಕುವುದು. ಹಾಗಾಗಿ ನಡು ಭಾಗದ ಅಡಿಯಲ್ಲಿ ತೀರಾ ಸಣ್ಣ ಲಂಬ ಬಿರುಕುಗಳು ಬರುತ್ತವೆ ಅಂತ ವಿನ್ಯಾಸ ಮಾಡುವವರಿಗೆ ಗೊತ್ತಿರುತ್ತದೆ. ಕಾಲಂ ಹತ್ತಿರ, ಅಡಿಯಿಂದ ಶುರುವಾಗಿ ಬೀಮ್‌ನ ನಡುವಿನ ಕಡೆಗೆ ಓರೆಯಾಗಿ ಏರುವ ಬಿರುಕಿನ ಕಥೆ ಬೇರೆ. ಅದು ಕತ್ತರಿ ಬಲದ ಬಿರುಕು, ಎಂಜಿನಿಯರ್‌ಗಳು ಶಿಯರ್ ಅನ್ನುತ್ತಾರೆ. ಇಲ್ಲಿ ಬೀಮನ್ನು ಹಿಡಿದಿಡುವುದು ಮುಖ್ಯ ಕಂಬಿಗಳನ್ನು ಸುತ್ತುವ ರಿಂಗ್‌ಗಳು. ಅವು ಕಡಿಮೆಯಾಗಿದ್ದರೆ ಅಥವಾ ದೂರ ದೂರ ಕಟ್ಟಿದ್ದರೆ ಬೀಮ್ ಹೆಚ್ಚು ಮುನ್ಸೂಚನೆ ಕೊಡದೆ ಮುರಿಯಬಹುದು. ಇಂಥ ಬಿರುಕು ಕಂಡರೆ ಅಳತೆ ನೋಡುತ್ತ ಕಾಯಬಾರದು, ಅವತ್ತೇ ಸ್ಟ್ರಕ್ಚರಲ್ ಎಂಜಿನಿಯರ್‌ನ್ನು ಕರೆಸಬೇಕು.

ಮೂರನೆಯದು ಕಂಬಿಯ ಉದ್ದಕ್ಕೇ ಓಡುವ ಬಿರುಕು. ಜೊತೆಗೆ ಕಂದು ಕಲೆ ಇರುತ್ತದೆ, ತಟ್ಟಿದರೆ ಟೊಳ್ಳು ಸದ್ದು ಬರುತ್ತದೆ. ಒಳಗೆ ಕಂಬಿ ತುಕ್ಕು ಹಿಡಿದಿದೆ ಅಂತ ಅರ್ಥ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಹಿಡಿಯುತ್ತದೆ, ಒಳಗಿಂದ ಒತ್ತಿ ಕಾಂಕ್ರೀಟ್ ಸಿಡಿಸುತ್ತದೆ. 2022ರ ಫೆಬ್ರವರಿಯಲ್ಲಿ ಗುರುಗ್ರಾಮದ ಒಂದು ಟವರ್‌ನಲ್ಲಿ ಮಹಡಿಗಳ ಒಂದು ಭಾಗ ಕುಸಿದು ಇಬ್ಬರು ಮಹಿಳೆಯರು ಸತ್ತರು. ಅದನ್ನು ಪರೀಕ್ಷಿಸಿದ ದೆಹಲಿ ಐಐಟಿ ತಂಡಕ್ಕೆ ಕಾಂಕ್ರೀಟ್‌ನಲ್ಲಿ ಕಂಬಿಗೆ ತುಕ್ಕು ಹಿಡಿಸುವ ಕ್ಲೋರೈಡ್, ಕಂಬಿಗಳಲ್ಲಿ ತುಕ್ಕು ಸಿಕ್ಕಿತು. ಟವರ್ ವಾಸಕ್ಕೆ ಸುರಕ್ಷಿತ ಅಲ್ಲ ಅಂತ ವರದಿ ಬಂತು. ಕಾಂಕ್ರೀಟ್‌ಗೆ ಸೇರಿದ ಇಂಥ ದೋಷ ಹೊರಗೆ ಕಾಣಲು ವರ್ಷಗಳೇ ಹಿಡಿಯುತ್ತವೆ. ಒಂದು ವರ್ಷದ ಜವಾಬ್ದಾರಿ ಸಾಲದು ಅನ್ನುವುದಕ್ಕೆ ಇದೇ ಕಾರಣ.

ಅಗಲಕ್ಕೂ ಒಂದು ಅಳತೆ ಇದೆ. ಐಎಸ್ 456 ಅನ್ನುವ ಭಾರತೀಯ ಮಾನಕದ ಪ್ರಕಾರ ಸಾಮಾನ್ಯ ಪರಿಸರದಲ್ಲಿ ಕಾಂಕ್ರೀಟ್ ಮೇಲ್ಮೈಯ ಬಿರುಕು 0.3 ಮಿ.ಮೀ. ದಾಟಬಾರದು. ಸದಾ ತೇವ ಇರುವ ಕಡೆ 0.2. ಆದರೆ ಅಗಲ ಒಂದೇ ನೋಡಿ ತೀರ್ಮಾನ ಮಾಡುವುದು ಸರಿಯಲ್ಲ. ಬೆಳೆಯುತ್ತಿರುವ 0.2ರ ಓರೆ ಬಿರುಕು, ವರ್ಷಗಳಿಂದ ಹಾಗೇ ನಿಂತಿರುವ 0.4ರ ಗೋಡೆ ಬಿರುಕಿಗಿಂತ ಹೆಚ್ಚು ಚಿಂತೆಯ ವಿಷಯ.

ಒಂದು ಪ್ರಕರಣ, ಒಂದು ಪತ್ರ

ಉದಾಹರಣೆಗೆ ಒಂದು ಮನೆ ಇಟ್ಟುಕೊಳ್ಳೋಣ. ಸ್ವಾಧೀನ ಪತ್ರದ ದಿನಾಂಕ 12 ಜೂನ್ 2021. 2025ರ ನವೆಂಬರ್ 8ರಂದು ಹಾಲ್‌ನ ಬೀಮ್‌ನಲ್ಲಿ ಓರೆ ಬಿರುಕು ಕಂಡಿತು. ಐದು ವರ್ಷ ಮುಗಿಯಲು ಇನ್ನೂ ಏಳು ತಿಂಗಳಿದೆ. ಮನೆಯವರು ಮೊದಲು ಫೋಟೊ ತೆಗೆದರು. ಒಂದು ದೂರದಿಂದ, ಯಾವ ಬೀಮ್ ಅಂತ ಗೊತ್ತಾಗುವ ಹಾಗೆ. ಇನ್ನೊಂದು ಹತ್ತಿರದಿಂದ, ಪಕ್ಕದಲ್ಲಿ ಬಿರುಕಿನ ಅಗಲ ಅಳೆಯುವ ಪಾರದರ್ಶಕ ಪಟ್ಟಿ ಇಟ್ಟು. ಬಿರುಕಿನ ಎರಡೂ ತುದಿಗೆ ಪೆನ್ಸಿಲ್‌ನಲ್ಲಿ ಗೆರೆ ಹಾಕಿ ದಿನಾಂಕ ಬರೆದರು. ಮರುದಿನ ಸ್ಟ್ರಕ್ಚರಲ್ ಎಂಜಿನಿಯರ್ ಬಂದು ನೋಡಿದರು. ನವೆಂಬರ್ 10ರಂದು ಈ ಪತ್ರ ಹೋಯಿತು:

> ಮಾನ್ಯರೇ,
>
> ವಿಷಯ: ದೋಷ ಹೊಣೆಗಾರಿಕೆ ಅವಧಿಯೊಳಗೆ ಕಂಡ ಬಿರುಕುಗಳ ಬಗ್ಗೆ ರೇರಾ ಕಾಯ್ದೆ ಸೆಕ್ಷನ್ 14(3)ರ ಪ್ರಕಾರ ತಿಳಿವಳಿಕೆ.
>
> ನಮ್ಮ ಮನೆಯ ಸ್ವಾಧೀನವನ್ನು ತಾವು 12-06-2021ರಂದು ಕೊಟ್ಟಿದ್ದೀರಿ. ಸ್ವಾಧೀನ ಪತ್ರದ ಪ್ರತಿ ಲಗತ್ತಿಸಿದ್ದೇವೆ.
>
> 08-11-2025ರಂದು ಈ ಕೆಳಗಿನವು ನಮ್ಮ ಗಮನಕ್ಕೆ ಬಂದಿವೆ. ಒಂದು, ಹಾಲ್ ಮತ್ತು ಊಟದ ಜಾಗದ ನಡುವಿನ ಬೀಮ್‌ನಲ್ಲಿ, ಪೂರ್ವದ ಕಾಲಂನಿಂದ ಸುಮಾರು 30 ಸೆಂ.ಮೀ. ದೂರದಲ್ಲಿ ಅಡಿಯಿಂದ ಶುರುವಾಗಿ ಬೀಮ್‌ನ ನಡುವಿನ ಕಡೆಗೆ ಓರೆಯಾಗಿ ಏರುವ ಬಿರುಕು. ಅಗಲ 0.4 ಮಿ.ಮೀ., ಬೀಮ್‌ನ ಎರಡೂ ಬದಿಯಲ್ಲಿ ಕಾಣುತ್ತದೆ. ಎರಡು, ಅದೇ ಬೀಮ್‌ನ ಕೆಳಗಿನ ಗೋಡೆಯಲ್ಲಿ ಬಾಗಿಲಿನ ಮೂಲೆಯಿಂದ ಮೆಟ್ಟಿಲಿನಂತೆ ಏರುವ ಬಿರುಕು. ದಿನಾಂಕ ಮತ್ತು ಅಳತೆ ಇರುವ ಫೋಟೊಗಳನ್ನು ಲಗತ್ತಿಸಿದ್ದೇವೆ.
>
> ಸ್ವಾಧೀನ ಪಡೆದ ಮೇಲೆ ನಾವು ಯಾವುದೇ ಗೋಡೆ ಒಡೆದಿಲ್ಲ, ಬೀಮ್ ಅಥವಾ ಕಾಲಂನಲ್ಲಿ ತೂತು ಕೊರೆದಿಲ್ಲ, ಈ ಜಾಗದ ಮೇಲೆ ಹೆಚ್ಚಿನ ಭಾರ ಹಾಕಿಲ್ಲ.
>
> ತಮ್ಮಲ್ಲಿ ಕೇಳಿಕೊಳ್ಳುವುದು: ಬೀಮ್‌ಗೆ ತಾತ್ಕಾಲಿಕ ಆಧಾರ ಬೇಕೇ ಎಂದು ತಮ್ಮ ಸ್ಟ್ರಕ್ಚರಲ್ ಎಂಜಿನಿಯರ್ ಪತ್ರ ತಲುಪಿದ 48 ಗಂಟೆಯೊಳಗೆ ಸ್ಥಳಕ್ಕೆ ಬಂದು ತಿಳಿಸಬೇಕು. ನಮ್ಮ ಎಂಜಿನಿಯರ್ ಎದುರಿನಲ್ಲೇ ಗುರುತು ಮಾಡಿದ ಕಡೆ ಪ್ಲಾಸ್ಟರ್ ತೆಗೆದು ಜಂಟಿ ತಪಾಸಣೆ ಮಾಡಬೇಕು. ಬಿರುಕಿನ ಕಾರಣ ಮತ್ತು ದುರಸ್ತಿ ವಿಧಾನವನ್ನು ಎಂಜಿನಿಯರ್ ಸಹಿಯ ವರದಿಯಲ್ಲಿ ಕೊಡಬೇಕು. ಈ ಬೀಮ್‌ನ ಸ್ಟ್ರಕ್ಚರಲ್ ಡ್ರಾಯಿಂಗ್ ಪ್ರತಿ ಒದಗಿಸಬೇಕು. ಕಾಯ್ದೆ ಹೇಳುವ 30 ದಿನದೊಳಗೆ ನಮ್ಮಿಂದ ಹಣ ಪಡೆಯದೆ ದುರಸ್ತಿ ಮಾಡಬೇಕು.
>
> ತಪಾಸಣೆಗೆ ನವೆಂಬರ್ 14, 15 ಮತ್ತು 16ರಂದು ಬೆಳಿಗ್ಗೆ 9ರಿಂದ ಸಂಜೆ 6ರವರೆಗೆ ಮನೆ ತೆರೆದಿರುತ್ತದೆ. ಕಾರಣ ತಿಳಿಯುವ ಮೊದಲು ಬಿರುಕನ್ನು ಮುಚ್ಚುವುದಕ್ಕೆ ನಮ್ಮ ಒಪ್ಪಿಗೆ ಇಲ್ಲ.
>
> ಇತಿ ತಮ್ಮ ವಿಶ್ವಾಸಿ

ಪತ್ರದಲ್ಲಿ ಬೈಗುಳವೂ ಇಲ್ಲ, "ಕಳಪೆ ಸಿಮೆಂಟ್ ಹಾಕಿದ್ದೀರಿ" ಅನ್ನುವ ತೀರ್ಪೂ ಇಲ್ಲ. ಇದು ಬರೀ ಸೌಜನ್ಯದ ಪ್ರಶ್ನೆಯಲ್ಲ. ಕಾರಣವನ್ನು ಊಹಿಸಿ ಬರೆದು ಆಮೇಲೆ ಪರೀಕ್ಷೆಯಲ್ಲಿ ಸಿಮೆಂಟ್ ಸರಿಯಾಗಿದೆ ಅಂತ ಬಂದರೆ, ದೂರೇ ಸುಳ್ಳು ಅನ್ನಲು ಬಿಲ್ಡರ್‌ಗೆ ದಾರಿ ಸಿಗುತ್ತದೆ. ರಿಂಗ್‌ಗಳ ಅಂತರ ತಪ್ಪಿದ್ದರೂ ಆ ವಿಷಯ ಪಕ್ಕಕ್ಕೆ ಸರಿಯುತ್ತದೆ.

ಗೋಡೆ ಒಡೆದಿಲ್ಲ, ತೂತು ಕೊರೆದಿಲ್ಲ ಅನ್ನುವ ಪ್ಯಾರಾ ಬಿಲ್ಡರ್‌ನ ಅತಿ ದೊಡ್ಡ ವಾದಕ್ಕೆ ಮೊದಲೇ ಕೊಟ್ಟ ಉತ್ತರ. ಆ ವಾದದಲ್ಲಿ ಎಷ್ಟೋ ಸಲ ನಿಜವೂ ಇರುತ್ತದೆ. ಎಸಿ ಪೈಪಿಗಾಗಿ ಬೀಮ್ ಕೊರೆದವರಿದ್ದಾರೆ, ಬಾಲ್ಕನಿಗೆ ಮಣ್ಣು ತುಂಬಿ ತೋಟ ಮಾಡಿದವರಿದ್ದಾರೆ. ಏನಾದರೂ ಬದಲಾವಣೆ ಮಾಡಿದ್ದರೆ ಅದನ್ನು ಮುಚ್ಚಿಡದೆ ಏನು, ಎಲ್ಲಿ, ಯಾವಾಗ ಅಂತ ಬರೆಯುವುದೇ ಒಳ್ಳೆಯದು. ಅಡುಗೆಮನೆಯ ಟೈಲ್ಸ್ ಬದಲಿಸಿದ್ದಕ್ಕೂ ಹಾಲ್‌ನ ಬೀಮ್ ಬಿರುಕಿಗೂ ಸಂಬಂಧ ಇದೆಯೋ ಇಲ್ಲವೋ ಅಂತ ಎಂಜಿನಿಯರ್ ಹೇಳಲಿ.

ತಪಾಸಣೆಗೆ ದಿನಾಂಕ ಕೊಟ್ಟಿದ್ದಕ್ಕೂ ಕಾರಣ ಇದೆ. "ನಾವು ಬಂದೆವು, ಮನೆಗೆ ಬೀಗ ಇತ್ತು" ಅನ್ನುವ ಮಾತಿಗೆ ಆಮೇಲೆ ಅವಕಾಶ ಇರುವುದಿಲ್ಲ.

ಯಾರ ಹೆಸರಿಗೆ, ಹೇಗೆ?

ನಿರ್ವಹಣೆ ಕಂಪನಿಯ ಮ್ಯಾನೇಜರ್‌ಗೋ ಸೈಟ್ ಎಂಜಿನಿಯರ್‌ಗೋ ವಾಟ್ಸಾಪ್ ಮಾಡಿ ಸುಮ್ನೆ ಕೂತರೆ ಪತ್ರ ಬಿಲ್ಡರ್‌ಗೆ ತಲುಪಿತು ಅಂತ ಹೇಳುವುದು ಕಷ್ಟ. ಮಾರಾಟ ಕರಾರಿನಲ್ಲಿ, ರೇರಾ ನೋಂದಣಿಯಲ್ಲಿ ಯಾವ ಹೆಸರು ಮತ್ತು ವಿಳಾಸ ಇದೆಯೋ ಅಲ್ಲಿಗೇ ಕಳಿಸಬೇಕು. ತಲುಪಿದ ದಾಖಲೆ ಸಿಗುವಂಥ ಅಂಚೆಯಲ್ಲಿ ಒಂದು ಪ್ರತಿ, ಇಮೇಲ್‌ನಲ್ಲಿ ಒಂದು ಪ್ರತಿ. ಕಚೇರಿಗೆ ಹೋಗಿ ಕೊಟ್ಟರೆ ನಮ್ಮ ಪ್ರತಿಯ ಮೇಲೆ ಮೊಹರು, ದಿನಾಂಕ ಹಾಕಿಸಿಕೊಳ್ಳಬೇಕು.

ಜಾಗದ ಮಾಲೀಕರು ಮತ್ತು ಬಿಲ್ಡರ್ ಜಂಟಿಯಾಗಿ ಕಟ್ಟಿದ ಯೋಜನೆಯಾದರೆ ಇಬ್ಬರಿಗೂ ಕಳಿಸಿ. ಕಟ್ಟುವವರು ಒಬ್ಬರು, ಮಾರುವವರು ಇನ್ನೊಬ್ಬರು ಆಗಿದ್ದರೆ ಕಾಯ್ದೆ ಇಬ್ಬರನ್ನೂ ಜಂಟಿ ಹೊಣೆಗಾರರನ್ನಾಗಿ ಮಾಡಿದೆ. ಬೀಮ್, ಕಾಲಂ ಇಡೀ ಕಟ್ಟಡದ ಭಾರ ಹೊರುವುದರಿಂದ ಮಾಲೀಕರ ಸಂಘದಿಂದಲೂ ಪ್ರತ್ಯೇಕ ಪತ್ರ ಹೋಗುವುದು ಒಳ್ಳೆಯದು.

ಆ ಮೂವತ್ತು ದಿನ

ಪತ್ರ ತಲುಪಿದ ಮೇಲೆ ಬಹಳ ಕಡೆ ಮೊದಲು ಬರುವುದು ಪುಟ್ಟಿ ಡಬ್ಬ ಹಿಡಿದ ಕೆಲಸಗಾರ. ಬಿರುಕು ಮುಚ್ಚಿ, ಬಣ್ಣ ಬಳಿದು, "ಕೆಲಸ ಮುಗಿಯಿತು" ಅಂತ ಸಹಿ ಕೇಳುತ್ತಾರೆ. ಸಾಕ್ಷಿಯೂ ಹೋಯಿತು, ದೂರು ಮುಗಿದಿದೆ ಅನ್ನುವ ಕಾಗದವೂ ಅವರ ಕೈ ಸೇರಿತು. ಬಿರುಕು ಮುಚ್ಚಲು ಒಪ್ಪಿಗೆ ಇಲ್ಲ ಅನ್ನುವ ಪತ್ರದ ಕೊನೆಯ ಸಾಲು ಇರುವುದು ಇದಕ್ಕಾಗಿಯೇ.

ಬಿರುಕಿನೊಳಗೆ ಅಂಟನ್ನು ಒತ್ತಿ ತುಂಬುವ ಎಪಾಕ್ಸಿ ಇಂಜೆಕ್ಷನ್ ಅದಕ್ಕಿಂತ ಉತ್ತಮ ವಿಧಾನ, ಆದರೆ ಅದಕ್ಕೂ ಮಿತಿ ಇದೆ. ಎಪಾಕ್ಸಿ ಗಟ್ಟಿಯಾಗಿ ಅಂಟುತ್ತದೆ. ಬಿರುಕು ನಿಂತುಹೋಗಿದ್ದರೆ ಬೀಮ್ ಮತ್ತೆ ಒಂದಾಗುತ್ತದೆ. ಬಿರುಕು ಇನ್ನೂ ಬೆಳೆಯುತ್ತಿದ್ದರೆ ಅಂಟಿದ ಜಾಗ ಹಾಗೇ ಉಳಿದು, ಪಕ್ಕದ ಕಾಂಕ್ರೀಟ್ ಹೊಸದಾಗಿ ಬಿಡುತ್ತದೆ. ನಮ್ಮ ಉದಾಹರಣೆಯ ಮನೆಯಲ್ಲಿ ನವೆಂಬರ್ 29ಕ್ಕೆ ಅಗಲ 0.5 ಆಯಿತು, ತುದಿ ಪೆನ್ಸಿಲ್ ಗೆರೆ ದಾಟಿತು ಅಂದುಕೊಳ್ಳಿ. ಆಗ ಬರೀ ಎಪಾಕ್ಸಿ ಉತ್ತರವಲ್ಲ. ಬೀಮ್‌ನ ಭಾರ ಇಳಿಸಬೇಕು, ರಿಂಗ್‌ಗಳು ಎಷ್ಟು ದೂರದಲ್ಲಿವೆ ಅಂತ ಕಂಬಿ ಪತ್ತೆ ಮಾಡುವ ಯಂತ್ರದಲ್ಲಿ ನೋಡಿ ಡ್ರಾಯಿಂಗ್ ಜೊತೆ ಹೋಲಿಸಬೇಕು, ಆಮೇಲೆ ಬೀಮ್ ಬಲಪಡಿಸಬೇಕು. ಕಾಂಕ್ರೀಟ್ ಬಲದ ಬಗ್ಗೆ ಅನುಮಾನ ಇದ್ದರೆ ಕೋರ್ ಅನ್ನುವ ಉರುಳೆಯಾಕಾರದ ತುಂಡನ್ನು ಕೊರೆದು ತೆಗೆದು ಪರೀಕ್ಷಿಸುತ್ತಾರೆ. ಕನಿಷ್ಠ ಮೂರು ಕೋರ್‌ಗಳ ಸರಾಸರಿ ನಿಗದಿತ ಬಲದ 85 ಶೇಕಡಾ ಮುಟ್ಟಬೇಕು, ಯಾವ ಒಂದೂ 75 ಶೇಕಡಾಕ್ಕಿಂತ ಕೆಳಗಿಳಿಯಬಾರದು ಅಂತ ಐಎಸ್ 456 ಹೇಳುತ್ತದೆ.

ತಾತ್ಕಾಲಿಕ ಆಧಾರದಲ್ಲೂ ಒಂದು ತಪ್ಪು ಆಗುತ್ತದೆ. ಬೀಮ್ ಕೆಳಗೆ ಜಾಕ್ ಕೊಟ್ಟರೆ ಆ ಭಾರ ನಾವು ನಿಂತಿರುವ ಸ್ಲ್ಯಾಬ್‌ಗೆ ಇಳಿಯುತ್ತದೆ. ಕೆಳಗಿನ ಮಹಡಿಗಳಲ್ಲೂ ಅದೇ ಜಾಗದಲ್ಲಿ ಆಧಾರ ಕೊಡಬೇಕಾ ಅಂತ ಎಂಜಿನಿಯರ್ ಲೆಕ್ಕ ಹಾಕಿಯೇ ಹೇಳಬೇಕು.

ಇಷ್ಟೆಲ್ಲ 30 ದಿನದಲ್ಲಿ ಮುಗಿಯುತ್ತಾ? ಬಿಲ್ಡರ್‌ಗಳು ಆಗದು ಅನ್ನುತ್ತಾರೆ, ಬೀಮ್ ಬಲಪಡಿಸುವ ಕೆಲಸದಲ್ಲಿ ಆ ಮಾತು ನ್ಯಾಯವೇ. ನಿವಾಸಿಗಳ ಭಯವೂ ನ್ಯಾಯವೇ, ಒಮ್ಮೆ ಬಿಟ್ಟುಕೊಟ್ಟರೆ ಅವಧಿ ಎಳೆಯುತ್ತಲೇ ಹೋಗುತ್ತದೆ. ಕೆಲಸದ ಹಂತ ಮತ್ತು ದಿನಾಂಕ ಇರುವ ಪಟ್ಟಿಯನ್ನು ಬರಹದಲ್ಲಿ ಪಡೆದು, "ಕಾಯ್ದೆಯ ನಮ್ಮ ಹಕ್ಕುಗಳನ್ನು ಉಳಿಸಿಕೊಂಡು ಒಪ್ಪಿದ್ದೇವೆ" ಅಂತ ಉತ್ತರಿಸುವುದು ಇಬ್ಬರಿಗೂ ಸರಿಹೋಗುವ ದಾರಿ.

ಬಿಲ್ಡರ್ ಕದಲದಿದ್ದರೆ

ಗಡುವು ದಾಟಿದ ಮೇಲೆ ಎರಡು ಬೇರೆ ಬೇರೆ ಬೇಡಿಕೆಗಳಿಗೆ ಎರಡು ಬೇರೆ ಕಡೆ ಹೋಗಬೇಕು. ಬಿಲ್ಡರ್ ದುರಸ್ತಿ ಮಾಡಲಿ ಅನ್ನುವ ನಿರ್ದೇಶನ ಬೇಕಿದ್ದರೆ ರೇರಾ ಪ್ರಾಧಿಕಾರಕ್ಕೆ ದೂರು. ಹಣದ ಪರಿಹಾರ ಬೇಕಿದ್ದರೆ 71ನೇ ಸೆಕ್ಷನ್‌ನ ನ್ಯಾಯನಿರ್ಣಯ ಅಧಿಕಾರಿಗೆ ಅರ್ಜಿ. ಈ ವ್ಯತ್ಯಾಸ ಗೊತ್ತಿಲ್ಲದೆ ಎರಡನ್ನೂ ಒಂದೇ ಅರ್ಜಿಯಲ್ಲಿ ಸೇರಿಸಿದರೆ ಸುಮ್ನೆ ಕಾಲ ಹೋಗುತ್ತದೆ. ಗ್ರಾಹಕ ಆಯೋಗದ ದಾರಿಯೂ ತೆರೆದಿದೆ, ಅಲ್ಲಿ ದೂರಿಗೆ ಕಾರಣ ಹುಟ್ಟಿದ ದಿನದಿಂದ ಸಾಮಾನ್ಯವಾಗಿ ಎರಡು ವರ್ಷದ ಮಿತಿ ಇದೆ. ಎಲ್ಲಿಗೆ ಹೋದರೂ ಮೊದಲು ಕೇಳುವ ಕಾಗದಗಳು ಸ್ವಾಧೀನ ಪತ್ರ, ಬಿಲ್ಡರ್‌ಗೆ ಕಳಿಸಿದ ಪತ್ರ, ಅದು ತಲುಪಿದ ದಾಖಲೆ.

ದುರಸ್ತಿ ಆದರೆ, ಮುಗಿದ ದಿನ ಕೊಡುವ ಒಪ್ಪಿಗೆ ಪತ್ರದಲ್ಲಿ "ಕೆಲಸ ಪೂರ್ಣ, ಇನ್ನು ದೂರಿಲ್ಲ" ಅಂತ ಬರೆಯಬೇಡಿ. ಏನೇನು ಮಾಡಿದರು, ಯಾವ ದಿನ ಮುಗಿಸಿದರು ಅಂತ ಮಾತ್ರ ಬರೆದು ಸಹಿ ಹಾಕಿ. ಬೀಮ್ ಮೇಲೆ ಬಿರುಕಿದ್ದ ಜಾಗಕ್ಕೆ ಅಡ್ಡಲಾಗಿ ಒಂದು ತೆಳು ಗಾಜಿನ ಪಟ್ಟಿಯನ್ನು ಎರಡೂ ತುದಿಯಲ್ಲಿ ಅಂಟಿಸಿಸಿ, ಮೇಲೆ ದಿನಾಂಕ ಬರೆಸಿ. ಬೀಮ್ ಮತ್ತೆ ಅಲುಗಿದರೆ ಗಾಜು ಒಡೆಯುತ್ತದೆ. ಒಂದು ಬೇಸಿಗೆ, ಒಂದು ಮಳೆಗಾಲ ಅದನ್ನು ತೆಗೆಯದೆ ಬಿಡಿ. ಈ ನಡುವೆ ಐದು ವರ್ಷ ಮುಗಿಯುವ ದಿನ ಬರುವುದಾದರೆ, ಅದಕ್ಕೆ ಮೊದಲೇ ಆವರೆಗಿನ ಅಳತೆಗಳನ್ನೆಲ್ಲ ಸೇರಿಸಿ ಬಿಲ್ಡರ್‌ಗೆ ಇನ್ನೊಂದು ಪತ್ರ ತಲುಪಿಸಿ.